30 ದಿನ, 40 ಪ್ರಶ್ನೆ: ಕ್ಯಾಲಿಫೋರ್ನಿಯಾದ ಅಡುಗೆಭಟ್ಟರ ಓದಿನ ಲೆಕ್ಕ

ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೋಟೆಲಿನ ಅಡುಗೆಮನೆಯ ಕೆಲಸಕ್ಕೆ ಸೇರಿದವರು, ಸೇರಿದ ದಿನದಿಂದ 30 ದಿನಗಳೊಳಗೆ ‘ಫುಡ್ ಹ್ಯಾಂಡ್ಲರ್ ಕಾರ್ಡ್’ ಎಂಬ ಪ್ರಮಾಣಪತ್ರವನ್ನು ಪಡೆಯಬೇಕೆಂಬುದು ಅಲ್ಲಿನ ಕಾನೂನು. ಪರೀಕ್ಷೆಯಲ್ಲಿ ಕನಿಷ್ಠ 40 ಪ್ರಶ್ನೆಗಳಿರುತ್ತವೆ. ತೇರ್ಗಡೆಗೆ ಶೇ 70 ಅಂಕ ಬೇಕು. ಅಂದರೆ 40ರಲ್ಲಿ 28 ಉತ್ತರಗಳು ಸರಿಯಾಗಿರಬೇಕು. ಒಮ್ಮೆ ಪಡೆದ ಕಾರ್ಡು ಮೂರು ವರ್ಷ ಚಲಾವಣೆಯಲ್ಲಿರುತ್ತದೆ. ರಿವರ್‌ಸೈಡ್, ಸ್ಯಾನ್ ಬರ್ನಾರ್ಡಿನೊ ಮತ್ತು ಸ್ಯಾನ್ ಡಿಯೆಗೊ ಎಂಬ ಮೂರು ಕೌಂಟಿಗಳು ಮಾತ್ರ ತಮ್ಮದೇ ವ್ಯವಸ್ಥೆಯನ್ನು ಇಟ್ಟುಕೊಂಡಿವೆ. ಉಳಿದೆಡೆ ಈ ಒಂದೇ ಕಾರ್ಡು ಸಾಕು.

ಸನ್ನಿವೇಲ್, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ಇಡ್ಲಿ, ದೋಸೆಗಳ ಹೋಟೆಲುಗಳು ಬೇಕಾದಷ್ಟಿವೆ. ಅಂಥದೊಂದು ಅಡುಗೆಮನೆಗೆ ಹೊಸದಾಗಿ ಬಂದ, ಉಡುಪಿಯ ಕಡೆಯ ಅಡುಗೆಭಟ್ಟರೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವರು. ನೂರು ಜನರ ಸಾಂಬಾರನ್ನು ಕಣ್ಣಳತೆಯಲ್ಲೇ ಮಾಡಬಲ್ಲವರು. ಪರೀಕ್ಷೆಯ ಮಾತೆತ್ತಿದರೆ ಅವರು ಕೇಳುವ ಮೊದಲ ಪ್ರಶ್ನೆ ಇದು: “ಕುದಿ ಬಂದ ಮೇಲೆ ಯಾವ ಹುಳ ಉಳೀತದೆ ಸ್ವಾಮಿ? ಅದಕ್ಕೂ ಪರೀಕ್ಷೆಯಾ?”

ಅವರ ಓದು ಆರಂಭವಾಗಬೇಕಾದುದು ಈ ಪ್ರಶ್ನೆಯಿಂದಲೇ. ಕುದಿ ಬಂದ ಮೇಲೂ ಉಳಿಯುವ ಜೀವಿಗಳಿವೆ. ಪರೀಕ್ಷೆಯ ಬಹುಪಾಲು ಪ್ರಶ್ನೆಗಳು ಅಡುಗೆ ಬೇಯಿಸುವುದರ ಕುರಿತಾಗಿರದೆ, ಬೇಯಿಸುವ ಮೊದಲು ಮತ್ತು ಬೇಯಿಸಿದ ನಂತರ ನಡೆಯುವುದರ ಕುರಿತಾಗಿರುತ್ತವೆ.

ಮೊದಲು ತಿಳಿಯಬೇಕಾದ ಹಕ್ಕು

ಪುಸ್ತಕ ತೆರೆಯುವ ಮೊದಲು ಒಂದು ವ್ಯವಹಾರದ ಮಾತು. 2024ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ತರಬೇತಿಯ ಮತ್ತು ಪರೀಕ್ಷೆಯ ಶುಲ್ಕವನ್ನು ಮಾಲೀಕರೇ ಭರಿಸಬೇಕು. ಅದಕ್ಕೆ ತಗಲುವ ಸಮಯವು ಕೆಲಸದ ಸಮಯವೆಂದೇ ಲೆಕ್ಕ. ಅದಕ್ಕೂ ಸಂಬಳ ಸಲ್ಲಬೇಕು, ಮತ್ತು ಆ ಹೊತ್ತಿನಲ್ಲಿ ಬೇರೆ ಕೆಲಸ ಹಚ್ಚುವಂತಿಲ್ಲ. ಕಾರ್ಡು ಇದ್ದರಷ್ಟೇ ಕೆಲಸ ಕೊಡುತ್ತೇವೆಂದು ಹೇಳುವಂತೆಯೂ ಇಲ್ಲ. ತರಬೇತಿ ಮತ್ತು ಪರೀಕ್ಷೆ ಸೇರಿ ಸುಮಾರು ಎರಡೂವರೆ ಗಂಟೆಯ ಕೆಲಸ. ಆದುದರಿಂದ ಸೇರಿದ ಮೊದಲ ವಾರವೇ ಮ್ಯಾನೇಜರರ ಬಳಿ ವಿನಯದಿಂದ, ಆದರೆ ಸ್ಪಷ್ಟವಾಗಿ, ದಿನಾಂಕವೊಂದನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು.

ಆ ದಿನಾಂಕವು ಮೂವತ್ತನೆಯ ದಿನ ಆಗಿರಬಾರದು. 24ನೆಯ ದಿನದ ಆಸುಪಾಸು ಇಟ್ಟುಕೊಂಡರೆ, ಮೊದಲ ಯತ್ನ ಕೈಕೊಟ್ಟರೂ ಆರು ದಿನ ಉಳಿಯುತ್ತವೆ. ಎಷ್ಟು ಬಾರಿ ಮರುಯತ್ನಕ್ಕೆ ಅವಕಾಶ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ. ಹಣ ಕಟ್ಟುವ ಮೊದಲೇ ಅದನ್ನು ನೋಡಬೇಕು. ಸಂಸ್ಥೆಗೆ ಎ-ಎನ್-ಎ-ಬಿ ಎಂಬ ನಾಲ್ಕಕ್ಷರದ ಮಾನ್ಯತೆ ಇದೆಯೇ ಎಂಬುದನ್ನೂ ನೋಡಬೇಕು. ಮಾನ್ಯತೆ ಇಲ್ಲದ ತಾಣದ ಕಾರ್ಡು ತಪಾಸಣೆಯ ದಿನ ಬರಿಯ ಕಾಗದವಾಗುತ್ತದೆ. ‘ಫುಡ್ ಮ್ಯಾನೇಜರ್’ ಎಂಬುದು ಬೇರೆಯೇ ಪರೀಕ್ಷೆ. ಅದು ಹೋಟೆಲಿಗೆ ಒಬ್ಬರಾದರೂ ಬರೆಯಬೇಕಾದ, ಮೇಲ್ವಿಚಾರಕರ ಎದುರಿನಲ್ಲಿ ನಡೆಯುವ, ಇನ್ನಷ್ಟು ಕಠಿಣವಾದ ಪರೀಕ್ಷೆ. ಹೆಸರು ಹೋಲುವುದರಿಂದ ಅದಕ್ಕೆ ಹಣ ಕಟ್ಟಿಬಿಡುವುದುಂಟು.

ಮೊದಲ ವಾರ: ಕೈಯ ಅಳತೆಯಿಂದ ಮುಳ್ಳಿನ ಅಳತೆಗೆ

ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ತಯಾರಿ ಆರಂಭವಾಗುವ ನಡುವೆ ಸಿಗುವ ಬಿಡುವಿನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ತೆಗೆದಿಡುವುದು ಈ ಯೋಜನೆಯ ಆಧಾರ. ಹತ್ತು ಗಂಟೆ ನಿಂತು ದುಡಿದವರಿಗೆ ರಾತ್ರಿಯ ಓದು ಹತ್ತುವುದಿಲ್ಲ.

ಮೊದಲ ವಾರಕ್ಕೆ ನಾಲ್ಕು ಸಂಖ್ಯೆಗಳು ಸಾಕು: 41, 70, 135, 165. ಇವೆಲ್ಲ ಫ್ಯಾರನ್‌ಹೀಟಿನಲ್ಲಿವೆ. ಸೆಲ್ಸಿಯಸ್ಸಿಗೆ ಒಗ್ಗಿದ ನಮಗೆ ಇವು ಕ್ರಮವಾಗಿ 5, 21, 57 ಮತ್ತು 74 ಡಿಗ್ರಿ. ಆದರೆ ಪರೀಕ್ಷೆಯಲ್ಲಿ ಲೆಕ್ಕ ಪರಿವರ್ತಿಸುತ್ತ ಕೂರಲಾಗದು. ಫ್ಯಾರನ್‌ಹೀಟಿನಲ್ಲೇ ಯೋಚಿಸುವ ಅಭ್ಯಾಸವಾಗಬೇಕು. ತಣ್ಣಗಿಡುವ ಆಹಾರ 41 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ಬಿಸಿಯಾಗಿಡುವ ಆಹಾರ 135 ಅಥವಾ ಅದಕ್ಕಿಂತ ಮೇಲಿರಬೇಕು. ಇವೆರಡರ ನಡುವಿನದು ಅಪಾಯದ ವಲಯ. ತಣಿಸಿಟ್ಟ ಅಡುಗೆಯನ್ನು ಮತ್ತೆ ಬಡಿಸಲು ಬಿಸಿ ಮಾಡುವಾಗ 165 ಮುಟ್ಟಬೇಕು. 70ರ ಕಥೆ ಎರಡನೆಯ ವಾರದ್ದು.

ಇವನ್ನು ಬಾಯಿಪಾಠ ಮಾಡುವುದಕ್ಕಿಂತ ಥರ್ಮಾಮೀಟರ್ ಹಿಡಿದು ಅಡುಗೆಮನೆಯನ್ನು ಸುತ್ತುವುದು ಮೇಲು. ಮೊದಲು ಲೋಟದ ತುಂಬ ಪುಡಿಮಾಡಿದ ಐಸು, ಸ್ವಲ್ಪ ನೀರು ಹಾಕಿ ಕಲಕಿ, ಅದರಲ್ಲಿ ಥರ್ಮಾಮೀಟರಿನ ಮುಳ್ಳನ್ನು ಅದ್ದಬೇಕು. 32 ತೋರಿಸಿದರೆ ಅದು ನಂಬಲರ್ಹ. ಬಳಿಕ ದಿನಕ್ಕೆರಡು ಪದಾರ್ಥಗಳಂತೆ ಅಳೆದು ಚೀಟಿಯಲ್ಲಿ ಬರೆಯಬೇಕು. ದೋಸೆಕಲ್ಲಿನ ಪಕ್ಕದಲ್ಲಿಟ್ಟ ತೆಂಗಿನಕಾಯಿ ಚಟ್ನಿ ಎಷ್ಟು? ಬೆಳಿಗ್ಗೆ ಕಲಸಿದ ಚಿತ್ರಾನ್ನ ಎಷ್ಟು? ಆಲೂಗೆಡ್ಡೆ ಪಲ್ಯದ ಬೋಗುಣಿ ಎಷ್ಟು? ಮನೆಯಲ್ಲಿ ಚಿತ್ರಾನ್ನವನ್ನು ಬೆಳಗಿನಿಂದ ಸಂಜೆಯವರೆಗೆ ಮುಚ್ಚಿಟ್ಟು ತಿನ್ನುವುದು ನಮಗೆ ರೂಢಿ. ಇಲ್ಲಿ ಬೇಯಿಸಿದ ಅನ್ನವು, ಬೇಯಿಸಿದ ಬೇಳೆ ಮತ್ತು ಆಲೂಗೆಡ್ಡೆಗಳಂತೆ, ಸಮಯ ಮತ್ತು ಉಷ್ಣತೆಯ ಕಾವಲಿನಲ್ಲಿಡಬೇಕಾದ ಆಹಾರಗಳ ಪಟ್ಟಿಯಲ್ಲಿದೆ. ಚಟ್ನಿಯ ಪಾತ್ರೆ 62 ಡಿಗ್ರಿ ತೋರಿಸುವುದನ್ನು ಒಮ್ಮೆ ತಾವೇ ಕಂಡ ಅಡುಗೆಯವರಿಗೆ 41 ಎಂಬ ಸಂಖ್ಯೆ ಮರೆಯುವುದಿಲ್ಲ.

ಸಸ್ಯಾಹಾರಿ ಅಡುಗೆಮನೆಯವರಿಗೆ ಇನ್ನೊಂದು ತೊಡಕಿದೆ. ಅವರು ಮುಟ್ಟಿಯೇ ಇರದ ಮಾಂಸ, ಮೀನುಗಳ ಬಗ್ಗೆಯೂ ಪರೀಕ್ಷೆ ಕೇಳುತ್ತದೆ. ಇದಕ್ಕೊಂದು ಸುಲಭ ದಾರಿಯೆಂದರೆ ಫ್ರಿಜ್ಜಿನ ಹಲಗೆಗಳನ್ನು ನೆನೆಯುವುದು. ಎಲ್ಲಕ್ಕಿಂತ ಮೇಲೆ, ಮತ್ತೆ ಬೇಯಿಸದೆ ತಿನ್ನುವ ಆಹಾರ. ಅದರ ಕೆಳಗೆ ಮೀನು, ಅದರ ಕೆಳಗೆ ಇಡಿಯಾದ ಮಾಂಸದ ತುಂಡು. ಇವೆರಡಕ್ಕೂ ಬೇಯಿಸುವ ಉಷ್ಣತೆ 145. ಅದರ ಕೆಳಗೆ ಕೊಚ್ಚಿದ ಮಾಂಸ, 155. ತೀರ ಕೆಳಗೆ ಕೋಳಿ, 165. ಹಲಗೆ ಇಳಿದಂತೆ ಸಂಖ್ಯೆ ಏರುತ್ತದೆ. ಹೆಚ್ಚು ಬೇಯಬೇಕಾದುದರ ರಸವು ಕಡಿಮೆ ಬೇಯುವುದರ ಮೇಲೆ ತೊಟ್ಟಿಕ್ಕಬಾರದು ಎಂಬುದೇ ಇದರ ತರ್ಕ. ಈ ಒಂದು ಚಿತ್ರದಿಂದ ಜೋಡಣೆಯ ಪ್ರಶ್ನೆ, ಬೇಯಿಸುವ ಪ್ರಶ್ನೆ ಎರಡಕ್ಕೂ ಉತ್ತರ ದೊರೆಯುತ್ತದೆ.

ಎರಡನೆಯ ವಾರ: ಸಾಂಬಾರು ತಣಿಯುವ ಬಗೆ

ಇಡೀ ವಾರವನ್ನು ಒಂದೇ ವಿಷಯಕ್ಕೆ ಮೀಸಲಿಡಬೇಕೆಂದು ಹೇಳಲು ಕಾರಣವಿದೆ. ತಣಿಸುವ ನಿಯಮವೇ ಪರೀಕ್ಷೆಯಲ್ಲಿ ಹೆಚ್ಚು ಎಡವಿಸುವುದು, ಹೋಟೆಲಿನಲ್ಲಿ ಹೆಚ್ಚು ಕೆಡುವುದೂ ಅದೇ.

ಭಟ್ಟರ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಅನ್ನದಲ್ಲಿ ಕಾಣುವ ಬ್ಯಾಸಿಲಸ್ ಸೀರಿಯಸ್, ಬೇಳೆ ಮತ್ತು ಮಾಂಸದ ದಪ್ಪನೆಯ ಸಾರುಗಳಲ್ಲಿ ಕಾಣುವ ಕ್ಲಾಸ್ಟ್ರಿಡಿಯಮ್ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಗಳು ಬೀಜಕಗಳಾಗಿ, ಅಂದರೆ ಗಟ್ಟಿ ಕವಚದೊಳಗೆ, ಕುದಿಯನ್ನು ತಾಳಿಕೊಳ್ಳುತ್ತವೆ. ಪಾತ್ರೆ ನಿಧಾನವಾಗಿ ಆರುವಾಗ ಅವು ಎಚ್ಚೆತ್ತು ಬೆಳೆಯುತ್ತವೆ. ಅನ್ನದ ಬ್ಯಾಕ್ಟೀರಿಯಾ ವಾಂತಿ ತರಿಸುವ ವಿಷವನ್ನು ಬಿಟ್ಟ ಮೇಲೆ ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. “ನಾಳೆ ಇನ್ನೊಮ್ಮೆ ಕುದಿಸಿದರಾಯಿತು” ಎಂಬ ಮಾತು ಸೋಲುವುದು ಇಲ್ಲೇ.

ನಿಯಮ ಎರಡು ಹಂತದ್ದು. 135ರಿಂದ 70ಕ್ಕೆ ಇಳಿಯಲು ಎರಡು ಗಂಟೆ. ಅಲ್ಲಿಂದ 41ಕ್ಕೆ ಇಳಿಯಲು ಇನ್ನು ನಾಲ್ಕು ಗಂಟೆ. ಒಟ್ಟು ಆರು. ಮೊದಲ ಹಂತಕ್ಕೆ ಕಡಿಮೆ ಅವಧಿ ಏಕೆಂದರೆ, ಈ ಜೀವಿಗಳು ಅತಿ ವೇಗವಾಗಿ ಹೆಚ್ಚುವುದು ಆ ಬೆಚ್ಚಗಿನ ಪಟ್ಟಿಯಲ್ಲೇ.

ಒಂದು ರಾತ್ರಿಯ ಲೆಕ್ಕವನ್ನು ನೋಡೋಣ. ಹತ್ತು ಗಂಟೆಗೆ 20 ಲೀಟರ್ ಸಾಂಬಾರು ಉಳಿದಿದೆ. 10.15ಕ್ಕೆ ಅದು 135 ಡಿಗ್ರಿಗೆ ಬಂತು. ಗಡಿಯಾರ ಓಡತೊಡಗುವುದು ಆಗ. ಇಡೀ ಪಾತ್ರೆಯನ್ನು ಹಾಗೆಯೇ ಕೂಲರ್ ಕೋಣೆಗೆ ತಳ್ಳಿದರೆ ಅಂಚು ತಣ್ಣಗಾಗುತ್ತದೆ, ನಡುವು ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಜೊತೆಗೆ ಪಕ್ಕದಲ್ಲಿಟ್ಟ ಮೊಸರನ್ನೂ ಬೆಚ್ಚಗಾಗಿಸುತ್ತದೆ. 12.15ಕ್ಕೆ ಮುಳ್ಳನ್ನು ನಡುವಿಗೆ ಇಳಿಸಿದಾಗ 88 ಕಂಡಿತೆನ್ನಿ. ಆಗ ಉಳಿದಿರುವುದು ಎರಡೇ ದಾರಿ: ಕೂಡಲೇ 165ಕ್ಕೆ ಕುದಿಸಿ ತಣಿಸುವ ಕೆಲಸವನ್ನು ಮೊದಲಿನಿಂದ ಆರಂಭಿಸುವುದು, ಇಲ್ಲವೇ ಚೆಲ್ಲುವುದು. 12.15ಕ್ಕೆ 68 ಇದ್ದು, ಬೆಳಗಿನ ಜಾವ 4.15ಕ್ಕೆ 41 ಮುಟ್ಟದಿದ್ದರೆ ಚೆಲ್ಲುವುದೊಂದೇ ದಾರಿ.

ಆದರೆ ಹನ್ನೊಂದಕ್ಕೆ ಬಾಗಿಲು ಹಾಕುವ ಹೋಟೆಲಿನಲ್ಲಿ 4.15ಕ್ಕೆ ಅಳೆಯುವವರು ಯಾರು? ಆದ್ದರಿಂದ ಬಾಗಿಲು ಹಾಕುವ ಮೊದಲೇ ಕೆಲಸ ಮುಗಿಯುವಂತೆ ಅಡುಗೆಯನ್ನೇ ಯೋಜಿಸಬೇಕು. ಉಳಿದ ಸಾಂಬಾರನ್ನು ಎರಡಂಗುಲ ಆಳದ ಅಗಲ ತಟ್ಟೆಗಳಿಗೆ ಹಂಚಿ, ಐಸುನೀರಿನ ತೊಟ್ಟಿಯಲ್ಲಿಟ್ಟು ಕಲಕುತ್ತಿದ್ದರೆ ಬೇಗ ಇಳಿಯುತ್ತದೆ. ಅನ್ನವನ್ನೂ ಹೀಗೆಯೇ ತೆಳುವಾಗಿ ಹರಡಬೇಕು. ಮೊಸರನ್ನಕ್ಕೆ ಮೊಸರು ಬೀಳುವುದು ಅನ್ನ ಪೂರ್ತಿ ತಣಿದ ಮೇಲೆಯೇ.

ನಾಳೆಗೆಂದೇ ಮಾಡುವ ಸಾಂಬಾರಿಗೆ ಇನ್ನೂ ಒಳ್ಳೆಯ ಉಪಾಯವಿದೆ. ಪಠ್ಯದಲ್ಲೂ ಅದು ಒಪ್ಪಿತವಾದ ವಿಧಾನ. 20 ಲೀಟರಿಗೆ ಬೇಕಾದ ನೀರಿನಲ್ಲಿ 5 ಲೀಟರ್ ಹಿಡಿದಿಟ್ಟು, ಸಾಂಬಾರನ್ನು ಗಟ್ಟಿಯಾಗಿ ಕುದಿಸಿ ಇಳಿಸಿ, ಆ ಪಾಲನ್ನು ಕುಡಿಯುವ ನೀರಿನ ಐಸಿನ ರೂಪದಲ್ಲಿ ಹಾಕುವುದು. 100 ಡಿಗ್ರಿ ಸೆಲ್ಸಿಯಸ್ಸಿನ 15 ಲೀಟರಿಗೆ 5 ಕಿಲೋ ಐಸು ಬಿದ್ದರೆ, ಐಸು ಕರಗಲು ಹೀರುವ ಶಾಖವನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಮಿಶ್ರಣ ಸುಮಾರು 55 ಡಿಗ್ರಿ ಸೆಲ್ಸಿಯಸ್ಸಿಗೆ, ಅಂದರೆ ಸುಮಾರು 131 ಫ್ಯಾರನ್‌ಹೀಟಿಗೆ ಇಳಿಯುತ್ತದೆ. ಪಾತ್ರೆ ತಾನಾಗಿ ಆರುವುದನ್ನು ಕಾಯುವ ಹೊತ್ತು ಉಳಿಯಿತು. ಮುಂದಿನದು ತಟ್ಟೆ ಮತ್ತು ಐಸುನೀರಿನ ಕೆಲಸ.

ಮರುದಿನ ಬಿಸಿ ಮಾಡುವುದು ಒಲೆಯ ಮೇಲೆ, ಎರಡು ಗಂಟೆಯೊಳಗೆ, 165ಕ್ಕೆ. ಬಡಿಸುವ ಕಟ್ಟೆಯ ಹಬೆಯ ತೊಟ್ಟಿಯು ಬಿಸಿಯಾದುದನ್ನು ಬಿಸಿಯಾಗಿಡಲು ಇರುವಂಥದು. ತಣ್ಣನೆಯ ಸಾಂಬಾರನ್ನು ಅದರಲ್ಲಿಟ್ಟರೆ ಅಪಾಯದ ವಲಯವನ್ನು ಅದು ನಿಧಾನವಾಗಿ ಮತ್ತೊಮ್ಮೆ ದಾಟುತ್ತದೆ. ಪರೀಕ್ಷೆಯಲ್ಲಿ ಇದು ಮರಳಿ ಮರಳಿ ಬರುವ ಪ್ರಶ್ನೆ.

ಮೂರನೆಯ ವಾರ: ಕೈ, ಕಾಯಿಲೆ, ಅಲರ್ಜಿ

ಕೈ ತೊಳೆಯುವುದರಲ್ಲಿ ಕಲಿಯಲೇನಿದೆ ಎನ್ನಿಸಬಹುದು. ಸೋಪು ಹಚ್ಚಿ 10ರಿಂದ 15 ಸೆಕೆಂಡು ಉಜ್ಜುವುದು, ಒಟ್ಟು ತೊಳೆಯುವಿಕೆಗೆ 20 ಸೆಕೆಂಡು, ಕೈಗೆಂದೇ ಇರುವ ಸಿಂಕಿನಲ್ಲಿ, ಒಮ್ಮೆ ಬಳಸಿ ಬಿಸಾಡುವ ಕಾಗದದಿಂದ ಒರೆಸುವುದು. ಪ್ರಶ್ನೆ ಬರುವುದು ‘ಯಾವಾಗ’ ಎಂಬಲ್ಲಿ. ಫೋನು ಮುಟ್ಟಿದ ಮೇಲೆ, ಹೆಗಲ ಮೇಲಿನ ಬಟ್ಟೆಗೆ ಕೈ ಒರೆಸಿದ ಮೇಲೆ, ಗ್ಲೌಸ್ ಹಾಕುವ ಮುಂಚೆಯೂ ಕೈ ತೊಳೆಯಬೇಕು. ಪಾತ್ರೆ ತೊಳೆಯುವ ಮೂರು ತೊಟ್ಟಿಗಳ ಕ್ರಮವೂ ಹೀಗೆಯೇ: ತೊಳೆ, ಜಾಲಿಸು, ಸ್ಯಾನಿಟೈಜ್ ಮಾಡು. ಕ್ಲೋರಿನ್ನಾದರೆ 100 ಪಿಪಿಎಂ, 30 ಸೆಕೆಂಡು. ಬಳಿಕ ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಆರಿಸಬೇಕು. ಇದನ್ನು ಪಟ್ಟಿಯಿಂದ ಕಲಿಯುವ ಬದಲು ಪಾತ್ರೆ ತೊಳೆಯುವವರ ಪಕ್ಕ ಒಂದು ಸಂಜೆ ನಿಂತು, ಬಣ್ಣ ಬದಲಿಸುವ ಪರೀಕ್ಷಾ ಕಾಗದವನ್ನು ತಾವೇ ಅದ್ದಿ ನೋಡುವುದು ಲೇಸು.

ಕಾಯಿಲೆಯ ಪ್ರಶ್ನೆಗೆ ಉತ್ತರ ಸುಲಭ, ಪಾಲನೆ ಕಷ್ಟ. ವಾಂತಿ ಅಥವಾ ಭೇದಿ ಇದ್ದರೆ ಮ್ಯಾನೇಜರರಿಗೆ ಹೇಳಿ ಅಡುಗೆಮನೆಯಿಂದ ದೂರವಿರಬೇಕು. ಮಾತ್ರೆ ನುಂಗಿ ಬರುವುದು, ಗ್ಲೌಸ್ ಹಾಕಿ ದುಡಿಯುವುದು, ಎರಡೂ ತಪ್ಪು ಉತ್ತರಗಳು. ಒಂದು ದಿನದ ಸಂಬಳ ಊರಿಗೆ ಕಳಿಸುವ ಹಣವಾಗಿರುವವರಿಗೆ ಇದು ಬರಿಯ ಪರೀಕ್ಷೆಯ ಮಾತಾಗಿ ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ವರ್ಷಕ್ಕೆ ಕನಿಷ್ಠ ಐದು ದಿನ ಅಥವಾ 40 ಗಂಟೆಗಳ ಸಂಬಳಸಹಿತ ಕಾಯಿಲೆ ರಜೆ ಇದೆ. ಆದರೆ ಅದನ್ನು ಬಳಸಲು ಕೆಲಸಕ್ಕೆ ಸೇರಿ 90 ದಿನ ಆಗುವವರೆಗೆ ಕಾಯಬೇಕಾಗಬಹುದು. ಹೊಸಬರು ಮೊದಲ ತಿಂಗಳು ಈ ರಕ್ಷೆಯ ಹೊರಗಿರಬಹುದೆಂಬುದನ್ನು ಅರಿತು, ಕೈಯಲ್ಲಿ ಸ್ವಲ್ಪ ಹಣ ಉಳಿಸಿಕೊಂಡಿರುವುದು ಒಳಿತು.

ಅಲರ್ಜಿಯ ಪಟ್ಟಿಯಲ್ಲಿ ಒಂಬತ್ತು ಪದಾರ್ಥಗಳಿವೆ: ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಗಳ ವರ್ಗ, ಗೋಡಂಬಿ-ಬಾದಾಮಿಯಂಥ ಮರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ ಮತ್ತು 2023ರಲ್ಲಿ ಸೇರಿದ ಎಳ್ಳು. ಇವನ್ನು ನೆನಪಿಡಲು ತಮ್ಮ ಹೋಟೆಲಿನ ಮೆನುವನ್ನೇ ಮುಂದಿಟ್ಟುಕೊಂಡು ಒಂದೊಂದು ತಿಂಡಿಯ ಮುಂದೆ ಅದರಲ್ಲಿರುವ ಅಲರ್ಜಿಯ ವಸ್ತುವನ್ನು ಬರೆಯಬೇಕು. ಚಿತ್ರಾನ್ನದಲ್ಲಿ ಕಡಲೆಕಾಯಿ, ಕುರ್ಮದಲ್ಲಿ ಗೋಡಂಬಿ, ರವೆ ಇಡ್ಲಿಯಲ್ಲಿ ಗೋಧಿ, ಮಸಾಲೆದೋಸೆಯ ಮೇಲೆ ಬೆಣ್ಣೆ. ಸಾಂಬಾರಿನಲ್ಲಿ ಏನೂ ಇಲ್ಲವೆಂದು ಬರೆಯುವ ಮೊದಲು ಇಂಗಿನ ಡಬ್ಬಿಯ ಹಿಂಬದಿಯನ್ನು ಓದಬೇಕು. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿಗೆ ಗೋಧಿಹಿಟ್ಟು ಬೆರೆಸುವುದು ಸಾಮಾನ್ಯ. ಗೋಧಿಯ ಅಲರ್ಜಿ ಇರುವ ಗಿರಾಕಿ ಕೇಳಿದಾಗ “ಇಲ್ಲ” ಎಂದು ಹೇಳಿಬಿಟ್ಟರೆ ಅದರ ಫಲವನ್ನು ಉಣ್ಣುವವರು ಅವರು. ಖಚಿತವಿಲ್ಲದಿದ್ದರೆ ಮ್ಯಾನೇಜರರನ್ನು ಕರೆಯುವುದೇ ಸರಿಯಾದ ಉತ್ತರ; ಪರೀಕ್ಷೆಯಲ್ಲೂ, ಹೋಟೆಲಿನಲ್ಲೂ.

ಕೊನೆಯ ವಾರ: ಪ್ರಶ್ನೆಯ ಭಾಷೆ

22ನೆಯ ದಿನದಿಂದ ಹೊಸದೇನನ್ನೂ ಓದಬಾರದು. ಮಾದರಿ ಪ್ರಶ್ನೆಗಳನ್ನು ಬಿಡಿಸಬೇಕು, ಅದರಲ್ಲೂ ಇಂಗ್ಲಿಷಿನಲ್ಲಿ ಬರೆಯುವವರು ಪ್ರಶ್ನೆಯೊಳಗಿನ ಸಣ್ಣ ಪದಗಳ ಮೇಲೆ ಕಣ್ಣಿಡಬೇಕು. ‘ಫಸ್ಟ್’ ಎಂದರೆ ಸರಿಯಾದ ನಾಲ್ಕು ಕೆಲಸಗಳಲ್ಲಿ ಮೊದಲನೆಯದು. ‘ಎಕ್ಸೆಪ್ಟ್’, ‘ನಾಟ್’ ಎಂದರೆ ತಪ್ಪಾದುದನ್ನು ಹುಡುಕು. ‘ಮಿನಿಮಮ್’ ಎಂದರೆ ಕನಿಷ್ಠ. ವಿಷಯ ಬಲ್ಲವರೂ ಇಂಥ ಪದ ಕಾಣದೆ ಅಂಕ ಕಳೆದುಕೊಳ್ಳುತ್ತಾರೆ.

ಒಂದು ಮಾದರಿ: ಎರಡು ಗಂಟೆಯಿಂದ ತಣಿಯುತ್ತಿರುವ ಅನ್ನ 80 ಡಿಗ್ರಿಯಲ್ಲಿದೆ, ಏನು ಮಾಡಬೇಕು? ಫ್ರಿಜ್ಜಿಗೆ ಸೇರಿಸುವುದು, ಇನ್ನೆರಡು ಗಂಟೆ ಕಾಯುವುದು, 165ಕ್ಕೆ ಬಿಸಿ ಮಾಡಿ ಮತ್ತೆ ತಣಿಸುವುದು, 135ಕ್ಕೆ ಬಿಸಿ ಮಾಡಿ ಬಡಿಸುವುದು ಎಂಬ ನಾಲ್ಕು ಉತ್ತರಗಳಿವೆ. ಆರು ಗಂಟೆ ಎಂಬುದನ್ನಷ್ಟೇ ನೆನಪಿಟ್ಟವರು ಮೊದಲನೆಯದನ್ನು ಆರಿಸುತ್ತಾರೆ. ಎರಡನೆಯ ವಾರ ಮುಳ್ಳು ಹಿಡಿದು ನಿಂತವರು ಮೂರನೆಯದನ್ನು ಆರಿಸುತ್ತಾರೆ.

ಮಾದರಿ ಪರೀಕ್ಷೆಯಲ್ಲಿ ಸತತ ಎರಡು ಬಾರಿ 34ಕ್ಕೆ ಕಡಿಮೆಯಾಗದಂತೆ ಬಂದರೆ 24ನೆಯ ದಿನದ ಪರೀಕ್ಷೆಗೆ ಕೂರಬಹುದು. ಕಡಿಮೆ ಬಂದರೆ, ತಪ್ಪಾದ ಉತ್ತರಗಳು ಯಾವ ವಾರದ ಪಾಠಕ್ಕೆ ಸೇರಿದವೆಂದು ಗುರುತಿಸಿ ಆ ವಾರದ ಅಳತೆಗಳನ್ನಷ್ಟೇ ಮತ್ತೊಮ್ಮೆ ಮಾಡಬೇಕು. ಕಾರ್ಡು ಬಂದ ದಿನವೇ ಒಂದು ಪ್ರತಿಯನ್ನು ಮ್ಯಾನೇಜರರ ಕಡತಕ್ಕೆ ಕೊಟ್ಟು, ಇನ್ನೊಂದನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಮುಂದೆ ಕೆಲಸ ಬದಲಿಸಿದರೂ ಕಾರ್ಡು ಅಡುಗೆಯವರದೇ. ಮೇಲೆ ಹೇಳಿದ ಮೂರು ಕೌಂಟಿಗಳನ್ನು ಬಿಟ್ಟು ರಾಜ್ಯದ ಯಾವ ಹೋಟೆಲಿನಲ್ಲಾದರೂ, ಅವಧಿ ಮುಗಿಯುವವರೆಗೆ, ಅದು ಸಲ್ಲುತ್ತದೆ.